ಒಂದು ಸೀರೆ, ಒಂಬತ್ತು ಮಾರಾಟ

ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಆರ್ಡರ್‌ಗಳೆಲ್ಲ ಶಾಪಿಫೈ ವೇದಿಕೆಯಲ್ಲಿ ದಾಖಲಾಗುತ್ತವೆ. ದಿನದ ವ್ಯಾಪಾರ ಎಷ್ಟು, ಯಾವ ಬಣ್ಣದ ಸೀರೆ ಹೆಚ್ಚು ಹೋಯಿತು ಎಂಬ ಲೆಕ್ಕ ತೋರಿಸುವುದು ಮಾತ್ರ ಬೇರೊಬ್ಬರು ನಡೆಸುವ ವರದಿ ಸೇವೆ. ಹಬ್ಬದ ಹಿಂದಿನ ಸಂಜೆ ಆರು ಗಂಟೆಗೆ 3,200 ರೂಪಾಯಿಯ ಒಂದು ಆರ್ಡರ್ ಬಂತು. ರಾತ್ರಿ ಹನ್ನೊಂದಕ್ಕೆ ಮಾಲೀಕರು ವರದಿ ತೆರೆದರೆ ಆ ಒಂದು ಆರ್ಡರಿನ ಬಾಬ್ತು 28,800 ರೂಪಾಯಿ ಜಮಾ ಆಗಿದೆ. ಬ್ಯಾಂಕಿಗೆ ಬಂದದ್ದು 3,200 ಮಾತ್ರ.

ಇಲ್ಲಿ ಯಾರೂ ಕದ್ದಿಲ್ಲ, ಯಾರೂ ಸುಳ್ಳು ಲೆಕ್ಕ ಬರೆದಿಲ್ಲ. ಒಂದೇ ಸುದ್ದಿ ಒಂಬತ್ತು ಸಲ ಬಂತು, ಒಂಬತ್ತು ಸಲವೂ ಶಾಪಿಫೈಯೇ ಕಳಿಸಿತ್ತು, ಒಂಬತ್ತು ಸಲವೂ ಅದರ ಮೇಲೆ ಅಸಲಿ ಸಹಿ ಇತ್ತು. ವರದಿ ಸೇವೆ ಪ್ರತಿ ಸಲವೂ ಸಹಿ ತಾಳೆ ನೋಡಿತು, ಸರಿಯಾಗಿದೆ ಎಂದಿತು, 3,200 ಕೂಡಿಸಿತು.

ಇಂಥ ವ್ಯವಸ್ಥೆ ಕಟ್ಟುವವರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಈ ಸುದ್ದಿ ಯಾರಿಂದ ಬಂತು? ಇದನ್ನು ಈಗಾಗಲೇ ಲೆಕ್ಕಕ್ಕೆ ಹಿಡಿದಿದ್ದೇವೆಯೇ? ಮೊದಲನೆಯದಕ್ಕೆ ಸಹಿ ಉತ್ತರ ಕೊಡುತ್ತದೆ. ಎರಡನೆಯದರ ಬಗ್ಗೆ ಸಹಿಗೆ ಏನೂ ಗೊತ್ತಿಲ್ಲ. ಮೊದಲನೆಯದನ್ನು ಮುಗಿಸಿ ಎರಡನೆಯದೂ ಮುಗಿಯಿತೆಂದು ಕೂತವರ ವರದಿಗಳಲ್ಲೇ ಇಂಥ 28,800 ಕಾಣಿಸಿಕೊಳ್ಳುವುದು.

ಬಾಗಿಲು ಎಲ್ಲರಿಗೂ ತೆರೆದಿದೆ

ಒಂದು ಕಂಪ್ಯೂಟರಿನಲ್ಲಿ ಏನಾದರೂ ನಡೆದ ಕೂಡಲೇ ಅದು ಇನ್ನೊಂದು ಕಂಪ್ಯೂಟರಿಗೆ ತಾನಾಗಿಯೇ ಸುದ್ದಿ ಮುಟ್ಟಿಸುವ ಏರ್ಪಾಡಿಗೆ ವೆಬ್‌ಹುಕ್ ಎನ್ನುತ್ತಾರೆ. 2007ರಲ್ಲಿ ಜೆಫ್ ಲಿಂಡ್ಸೆ ಎಂಬ ಪ್ರೋಗ್ರಾಮರ್ ಇಟ್ಟ ಹೆಸರು ಅದು. ಇದಿಲ್ಲದಿದ್ದರೆ ವರದಿ ಸೇವೆ ನಿಮಿಷಕ್ಕೊಮ್ಮೆ ಶಾಪಿಫೈಗೆ ಹೋಗಿ ‘ಹೊಸ ಆರ್ಡರ್ ಇದೆಯೇ’ ಎಂದು ಕೇಳುತ್ತಿರಬೇಕು. ವೆಬ್‌ಹುಕ್ ಇದ್ದರೆ ಒಂದು ವಿಳಾಸ ಕೊಟ್ಟು ಸುಮ್ಮನಿದ್ದರಾಯಿತು. ಆರ್ಡರ್ ಬಂದಾಗ ಶಾಪಿಫೈ ಆ ವಿಳಾಸಕ್ಕೆ ಆರ್ಡರಿನ ವಿವರಗಳನ್ನೆಲ್ಲ ತುಂಬಿದ ಒಂದು ಸಂದೇಶ ತಳ್ಳುತ್ತದೆ.

ತೊಂದರೆ ಇರುವುದು ಆ ವಿಳಾಸದಲ್ಲಿಯೇ. ಶಾಪಿಫೈಗೆ ಮುಟ್ಟಬೇಕಾದರೆ ಅದು ಇಂಟರ್‌ನೆಟ್ಟಿನಲ್ಲಿ ಬಹಿರಂಗವಾಗಿರಬೇಕು. ಬಹಿರಂಗವಾಗಿದ್ದರೆ ಯಾರು ಬೇಕಾದರೂ ಅಲ್ಲಿಗೆ ಸಂದೇಶ ಕಳಿಸಬಹುದು. ‘ಐದು ಲಕ್ಷದ ಆರ್ಡರ್ ಬಂತು’ ಎಂದು ಸುಳ್ಳು ಸಂದೇಶ ಬರೆದು ಕಳಿಸಲು ಒಂದು ಸಾಲಿನ ಕಮಾಂಡ್ ಸಾಕು. ವಿಳಾಸವನ್ನು ಗುಟ್ಟಾಗಿಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ವಿಳಾಸಗಳು ಸರ್ವರ್ ಲಾಗ್‌ಗಳಲ್ಲಿ, ಸ್ಕ್ರೀನ್‌ಶಾಟ್‌ಗಳಲ್ಲಿ, ಬಿಟ್ಟುಹೋದ ನೌಕರರ ಲ್ಯಾಪ್‌ಟಾಪ್‌ಗಳಲ್ಲಿ ಉಳಿದುಬಿಡುತ್ತವೆ.

ಆದ್ದರಿಂದ ಸಹಿ ಬೇಕು. ಶಾಪಿಫೈಗೂ ವರದಿ ಸೇವೆಯ ಆ್ಯಪ್‌ಗೂ ನಡುವೆ ಒಂದು ಗುಪ್ತ ಕೀಲಿ ಇರುತ್ತದೆ, ಅದು ಒಂದು ಉದ್ದನೆಯ ಅಕ್ಷರಸಾಲು. ಸಂದೇಶ ಕಳಿಸುವ ಮುಂಚೆ ಶಾಪಿಫೈ ಸಂದೇಶವನ್ನೂ ಕೀಲಿಯನ್ನೂ ಸೇರಿಸಿ ಒಂದು ಲೆಕ್ಕ ಮಾಡಿ, ಬಂದ ಫಲವನ್ನು `X-Shopify-Hmac-Sha256` ಎಂಬ ತಲೆಬರಹದಲ್ಲಿ ಜೊತೆಗೆ ಕಳಿಸುತ್ತದೆ. ಕೀಲಿಯನ್ನು ಮಾತ್ರ ಕಳಿಸುವುದಿಲ್ಲ. ವರದಿ ಸೇವೆ ತನ್ನಲ್ಲಿರುವ ಕೀಲಿಯಿಂದ ಅದೇ ಲೆಕ್ಕವನ್ನು ತಾನೂ ಮಾಡುತ್ತದೆ. ಎರಡೂ ಒಂದೇ ಬಂದರೆ ಸಂದೇಶ ಅಸಲಿ, ದಾರಿಯಲ್ಲಿ ಯಾರೂ ಅದನ್ನು ತಿದ್ದಿಲ್ಲ ಎಂದೂ ಆಯಿತು. ಸಂದೇಶದಲ್ಲಿ ಒಂದು ಚುಕ್ಕೆ ಬದಲಾದರೂ ಫಲ ಪೂರ್ತಿ ಬೇರೆಯಾಗುತ್ತದೆ.

ಈ ಲೆಕ್ಕದ ಹೆಸರು ಎಚ್‌ಮ್ಯಾಕ್. ಕ್ರಾವ್‌ಚಿಕ್, ಬೆಲ್ಲಾರೆ, ಕನೆಟ್ಟಿ ಎಂಬ ಮೂವರು ಇದನ್ನು ವಿವರಿಸಿದ ದಾಖಲೆ 1997ರಲ್ಲಿ ಆರ್‌ಎಫ್‌ಸಿ 2104 ಎಂಬ ಸಂಖ್ಯೆಯಲ್ಲಿ ಪ್ರಕಟವಾಯಿತು. ಒಳಗಿನ ಗಣಿತ ಗೊತ್ತಿಲ್ಲದಿದ್ದರೂ ನಿಮ್ಮ ಕಂಪ್ಯೂಟರಿನಲ್ಲಿ ಇದನ್ನು ಮಾಡಿ ನೋಡಬಹುದು. ಎಲ್ಲರೂ ಪರೀಕ್ಷೆಗೆ ಬಳಸುವ ಒಂದು ಮಾದರಿ ಇದೆ. ಅದರಲ್ಲಿ ಕೀಲಿ `Jefe`, ಸಂದೇಶ ಒಂದು ಪುಟ್ಟ ವಾಕ್ಯ.

```
printf 'what do ya want for nothing?' | openssl dgst -sha256 -hmac Jefe
```

ಯಾವ ದೇಶದ ಯಾವ ಕಂಪ್ಯೂಟರಿನಲ್ಲಿ ಇದನ್ನು ಓಡಿಸಿದರೂ ಉತ್ತರ `5bdcc146` ಎಂದೇ ಶುರುವಾಗಿ `64ec3843` ಎಂದೇ ಮುಗಿಯುತ್ತದೆ. `printf` ಬದಲು `echo` ಎಂದು ಕೊಟ್ಟು ನೋಡಿ, ಉತ್ತರದಲ್ಲಿ ಗುರುತೇ ಸಿಗದಷ್ಟು ವ್ಯತ್ಯಾಸ. `echo` ವಾಕ್ಯದ ಕೊನೆಗೆ ಕಣ್ಣಿಗೆ ಕಾಣದ ಒಂದು ಹೊಸಸಾಲಿನ ಚಿಹ್ನೆ ಅಂಟಿಸುತ್ತದೆ, ಅಷ್ಟಕ್ಕೇ ಹೀಗೆ. ಈ ಒಂದು ಪ್ರಯೋಗ ಮಾಡಿದವರಿಗೆ ಮುಂದಿನ ತಾಪತ್ರಯ ಬೇಗ ಅರ್ಥವಾಗುತ್ತದೆ.

ಬಿಚ್ಚಿ ಮಡಿಸಿದರೆ ಸಹಿ ಕೆಡುತ್ತದೆ

ಸಹಿ ಹಾಕಿರುವುದು ಸಂದೇಶದ ಅರ್ಥಕ್ಕಲ್ಲ, ಅದರ ಬೈಟ್‌ಗಳಿಗೆ. ಸಹಿ ತಾಳೆಯಾಗುತ್ತಿಲ್ಲ ಎಂದು ಒದ್ದಾಡುವವರಲ್ಲಿ ಬಹುಪಾಲು ಜನ ಎಡವಿರುವುದು ಇಲ್ಲೇ.

ಸಂದೇಶ ಬರುವುದು ಜೇಸನ್ ಎಂಬ ಬರಹದ ರೂಪದಲ್ಲಿ. ವೆಬ್ ಸರ್ವರ್ ಬರೆಯುವ ಇಂದಿನ ಸಲಕರಣೆಗಳು ಅದನ್ನು ಒಳಗೆ ಬರುತ್ತಲೇ ಬಿಚ್ಚಿ, ಹೆಸರು ಬೇರೆ ಬೆಲೆ ಬೇರೆ ಮಾಡಿ ಪ್ರೋಗ್ರಾಮರ್ ಕೈಗೆ ಕೊಡುತ್ತವೆ. ಸಹಿ ನೋಡಬೇಕಲ್ಲ ಎಂದು ಪ್ರೋಗ್ರಾಮರ್ ಅದನ್ನು ಮತ್ತೆ ಮಡಿಸಿ ಜೇಸನ್ ಮಾಡಿ ಲೆಕ್ಕ ಹಾಕುತ್ತಾನೆ. ಅರ್ಥ ಹಾಗೇ ಇದೆ, ಬೈಟ್‌ಗಳು ಬದಲಾಗಿವೆ. ಕನ್ನಡದಲ್ಲಿ ಸರಕಿನ ಹೆಸರು ಬರೆದಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ‘ಇಳಕಲ್’ ಎಂಬುದರ ಮೊದಲ ಅಕ್ಷರ ಸಾಮಾನ್ಯವಾಗಿ ಮೂರು ಬೈಟ್. ಪೈಥಾನ್ ಭಾಷೆಯ `json.dumps` ಅದನ್ನೇ `\u0c87` ಎಂದು ಆರು ಬೈಟ್‌ಗಳಲ್ಲಿ ಬರೆಯುತ್ತದೆ. ಅದೂ ಅಲ್ಲದೆ ಅಲ್ಪವಿರಾಮದ ಮುಂದೆ, ವಿವರಣಾ ಚಿಹ್ನೆಯ ಮುಂದೆ ತಾನೇ ಒಂದೊಂದು ಖಾಲಿ ಜಾಗ ಬಿಡುತ್ತದೆ. ಇನ್ನು ಸಹಿ ಕೂಡುವುದೆಲ್ಲಿ?

ಪೈಥಾನಿನಲ್ಲಿ ಹೀಗೆ ಮಾಡಿದರೆ ಎಲ್ಲ ಸಂದೇಶಗಳೂ ಸೋಲುತ್ತವೆ, ಆದ್ದರಿಂದ ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತದೆ. ಜಾವಾಸ್ಕ್ರಿಪ್ಟ್ ಇನ್ನೂ ಮೋಸದ್ದು. ಅದು ಮಡಿಸುವ ರೀತಿ ಎಷ್ಟೋ ಸಲ ಬಂದ ರೂಪಕ್ಕೇ ಹೊಂದಿಕೊಂಡುಬಿಡುತ್ತದೆ. ಕಳಿಸುವವರು `&` ಚಿಹ್ನೆಯನ್ನು `\u0026` ಎಂದು ಬರೆದಿದ್ದರೆ ಮಾತ್ರ, ಬಿಚ್ಚಿ ಮಡಿಸುವಾಗ ಅದು ಬರಿಯ `&` ಆಗುತ್ತದೆ. ನೂರು ಆರ್ಡರ್ ಸರಿಯಾಗಿ ಬರುತ್ತವೆ, ‘ಸೀರೆ & ರವಿಕೆ’ ಎಂಬ ಸರಕು ಇರುವ ಆರ್ಡರ್‌ಗಳು ಮಾತ್ರ ಸದಾ ತಿರಸ್ಕೃತವಾಗುತ್ತವೆ. ಕೆಲವೇ ಆರ್ಡರ್‌ಗಳ ಸಹಿ ತಪ್ಪುತ್ತಿದ್ದು, ಅವೇ ಆರ್ಡರ್‌ಗಳು ಮತ್ತೆ ಬಂದಾಗಲೂ ತಪ್ಪುತ್ತಿದ್ದರೆ, ಕೀಲಿಯನ್ನು ಅನುಮಾನಿಸಬೇಡಿ. ಬಿಚ್ಚಿ ಮಡಿಸುವ ಕೆಲಸ ಎಲ್ಲಿ ನಡೆಯುತ್ತಿದೆ ಎಂದು ಹುಡುಕಿ.

ಸರಿಯಾದ ದಾರಿ ಸರಳ. ಬಂದ ಬೈಟ್‌ಗಳನ್ನು ಮುಟ್ಟದೆ ಹಾಗೇ ತೆಗೆದುಕೊಂಡು ಮೊದಲು ಸಹಿ ನೋಡಬೇಕು, ಬಿಚ್ಚುವುದೇನಿದ್ದರೂ ಆಮೇಲೆ.

```python
import hmac, hashlib, base64

def verify(raw_body, header, secret):
    mac = hmac.new(secret.encode(), raw_body, hashlib.sha256).digest()
    return hmac.compare_digest(base64.b64encode(mac), header.encode())
```

ಇದರಲ್ಲಿ ಎರಡು ಸಣ್ಣ ಸಂಗತಿಗಳಿವೆ. ಸಹಿಯ ಫಲ 32 ಬೈಟ್‌ಗಳದ್ದು. ಅದನ್ನು ಬರೆಯುವ ಒಂದು ರೀತಿ ಹೆಕ್ಸ್, ಅದು 64 ಅಕ್ಷರ. ಇನ್ನೊಂದು ರೀತಿ ಬೇಸ್64, ಅದು 44 ಅಕ್ಷರ, ಕೊನೆಯಲ್ಲೊಂದು `=` ಚಿಹ್ನೆ. ಶಾಪಿಫೈ ಕಳಿಸುವುದು ಎರಡನೆಯ ರೀತಿಯಲ್ಲಿ. ನಮ್ಮ ಬೆಂಗಳೂರಿನ ರೇಜರ್‌ಪೇ ತನ್ನ ಪಾವತಿ ಸಂದೇಶಗಳಿಗೆ ಇದೇ ಲೆಕ್ಕ ಮಾಡಿ ಹೆಕ್ಸ್‌ನಲ್ಲಿ ಕಳಿಸುತ್ತದೆ. ಒಂದಕ್ಕೆ ಬರೆದ ಕೋಡನ್ನು ಇನ್ನೊಂದಕ್ಕೆ ನಕಲು ಮಾಡಿದವರು ಇಡೀ ದಿನ ತಲೆ ಕೆರೆದುಕೊಳ್ಳುವುದು ಇದರಿಂದಲೇ. ಎರಡು ಸಹಿಗಳ ಉದ್ದವನ್ನು ಎಣಿಸಿ ನೋಡಿದರೆ ಮುಗಿಯಿತು.

ಇನ್ನೊಂದು, `compare_digest` ಎಂಬುದನ್ನು ಬಿಟ್ಟು `==` ಎಂದು ಹೋಲಿಸಬಾರದು. ಸಾಮಾನ್ಯ ಹೋಲಿಕೆ ಮೊದಲ ಅಕ್ಷರ ತಪ್ಪಿದರೆ ತಕ್ಷಣ ನಿಲ್ಲುತ್ತದೆ, ಹತ್ತನೆಯದು ತಪ್ಪಿದರೆ ಒಂದಿಷ್ಟು ತಡವಾಗಿ ನಿಲ್ಲುತ್ತದೆ. ಆ ಕಾಲದ ವ್ಯತ್ಯಾಸವನ್ನೇ ಅಳೆದು ಸಹಿಯನ್ನು ಅಕ್ಷರ ಅಕ್ಷರವಾಗಿ ಊಹಿಸುವ ದಾಳಿಗಳಿವೆ. ಈ ಫಂಕ್ಷನ್ ಎಲ್ಲಿ ತಪ್ಪಿದ್ದರೂ ಒಂದೇ ಹೊತ್ತು ತೆಗೆದುಕೊಳ್ಳುವಂತೆ ಬರೆದದ್ದು.

ಕೀಲಿ ಬದಲಾಯಿಸುವ ದಿನ ಇನ್ನೊಂದು ಎಚ್ಚರ ಬೇಕು. ಶಾಪಿಫೈಯಲ್ಲಿ ಹೊಸ ಕೀಲಿ ಪಡೆದ ಮೇಲೆ ಸಹಿಗಳು ಹೊಸ ಕೀಲಿಗೆ ಬದಲಾಗಲು ಒಂದು ಗಂಟೆಯವರೆಗೂ ಹಿಡಿಯಬಹುದು. ಅಷ್ಟು ಹೊತ್ತು ಹಳೆಯದು, ಹೊಸದು ಎರಡರಿಂದಲೂ ತಾಳೆ ನೋಡಬೇಕು. ಇಲ್ಲವಾದರೆ ಅಸಲಿ ಆರ್ಡರ್‌ಗಳನ್ನೇ ಬಾಗಿಲಲ್ಲಿ ತಡೆದಂತಾಗುತ್ತದೆ.

ಒಂಬತ್ತು ಸಲ ಬಂದದ್ದೇಕೆ

ಮತ್ತೆ ಆ 3,200 ರೂಪಾಯಿಗೆ ಬರೋಣ. ಸಂದೇಶ ಕಳಿಸಿದ ಶಾಪಿಫೈ ‘ಬಂತು’ ಎಂಬ ಉತ್ತರಕ್ಕಾಗಿ ಐದು ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಅಥವಾ ಉತ್ತರ ತಪ್ಪೆಂದು ಸೂಚಿಸಿದರೆ ಮತ್ತೆ ಕಳಿಸುತ್ತದೆ. ಮೊದಲು 48 ಗಂಟೆಗಳಲ್ಲಿ 19 ಸಲ ಮರುಯತ್ನಿಸುತ್ತಿತ್ತು, ಈಗಿನ ನಿಯಮ ನಾಲ್ಕು ಗಂಟೆಗಳಲ್ಲಿ ಎಂಟು ಸಲ.

ನಮ್ಮ ವರದಿ ಸೇವೆ ಏನು ಮಾಡುತ್ತಿತ್ತೆಂದರೆ, ಸಹಿ ನೋಡಿದ ಕೂಡಲೇ ದಿನದ ಮೊತ್ತಕ್ಕೆ 3,200 ಕೂಡಿಸುತ್ತಿತ್ತು. ಆಮೇಲೆ ಮಾಲೀಕರು ನೋಡುವ ಪಟ್ಟಿ, ಚಿತ್ರಗಳನ್ನೆಲ್ಲ ಹೊಸದಾಗಿ ತಯಾರಿಸುತ್ತಿತ್ತು. ಕೊನೆಗೆ ಉತ್ತರ ಕೊಡುತ್ತಿತ್ತು. ಮಾಮೂಲಿ ದಿನಗಳಲ್ಲಿ ಇದೆಲ್ಲ ಎರಡು ಸೆಕೆಂಡಿನ ಕೆಲಸ. ಹಬ್ಬದ ಗದ್ದಲದಲ್ಲಿ ಅದಕ್ಕೇ ಏಳು ಸೆಕೆಂಡ್ ಹಿಡಿಯಿತು. ಐದನೆಯ ಸೆಕೆಂಡಿಗೆ ಶಾಪಿಫೈ ಫೋನಿಟ್ಟಿತ್ತು. ಹಣ ಕೂಡಿಸಿ ಆಗಿತ್ತು, ಉತ್ತರ ಮಾತ್ರ ಹೋಗಲಿಲ್ಲ. ಮೊದಲ ಸಲದ್ದೊಂದು, ಮರುಯತ್ನದವು ಎಂಟು, ಒಟ್ಟು ಒಂಬತ್ತು. ಒಂಬತ್ತು ಮೂರು ಸಾವಿರದ ಇನ್ನೂರುಗಳು 28,800.

ಇದರಲ್ಲಿ ಇನ್ನೊಂದು ವಿಷಚಕ್ರವಿದೆ. ಸೇವೆ ನಿಧಾನವಾದಷ್ಟೂ ಮರುಸಂದೇಶಗಳು ಹೆಚ್ಚುತ್ತವೆ, ಅವು ಹೆಚ್ಚಿದಷ್ಟೂ ಸೇವೆ ಇನ್ನಷ್ಟು ನಿಧಾನವಾಗುತ್ತದೆ. ಅಲ್ಲಿಗೂ ಮುಗಿಯುವುದಿಲ್ಲ. ಸತತವಾಗಿ ಎಂಟು ಯತ್ನಗಳು ಸೋತರೆ, ಶಾಪಿಫೈಯ ಅಡ್ಮಿನ್ ಎಪಿಐ ಮೂಲಕ ಮಾಡಿಕೊಂಡ ನೋಂದಣಿಯನ್ನೇ ಅದು ತೆಗೆದುಹಾಕುತ್ತದೆ. ಅದಕ್ಕೆ ಮುಂಚಿನ ಎಚ್ಚರಿಕೆ ಹೋಗುವುದು ಆ್ಯಪ್ ಮಾಡಿದವರ ಮೇಲ್‌ಗೆ, ಅಂಗಡಿಯವರಿಗಲ್ಲ. ಹಾಗಾಗಿ ರಾತ್ರಿ ಒಂಬತ್ತು ಪಟ್ಟು ಉಬ್ಬಿದ್ದ ವರದಿ ಬೆಳಿಗ್ಗೆಯಿಂದ ಸೊನ್ನೆ ತೋರಿಸುತ್ತದೆ. ಮೊದಲು ಉಬ್ಬಿ ಆಮೇಲೆ ಸೊನ್ನೆಯಾದ ವರದಿ ಕಂಡರೆ ಕಾರಣ ಬಹುಮಟ್ಟಿಗೆ ಇದೇ.

ಶಾಪಿಫೈ ಹೀಗೆ ಮತ್ತೆ ಮತ್ತೆ ಕಳಿಸುವುದು ತಪ್ಪಲ್ಲವೇ? ಅಲ್ಲ. ಉತ್ತರ ಬರಲಿಲ್ಲವೆಂದರೆ ಸಂದೇಶವೇ ಮುಟ್ಟಲಿಲ್ಲವೋ, ಮುಟ್ಟಿ ಉತ್ತರ ಕಳೆದುಹೋಯಿತೋ ಎಂದು ಕಳಿಸಿದವರಿಗೆ ತಿಳಿಯುವ ದಾರಿಯೇ ಇಲ್ಲ. ಕೈಬಿಟ್ಟರೆ ಒಂದು ಆರ್ಡರ್ ಕಳೆದುಹೋಗಬಹುದು, ಮತ್ತೆ ಕಳಿಸಿದರೆ ಎರಡಾಗಬಹುದು. ಎರಡಾದದ್ದನ್ನು ಪಡೆಯುವವರು ಗುರುತಿಸಿ ಬಿಡಬಹುದು, ಕಳೆದುಹೋದದ್ದನ್ನು ಹಾಗೆ ಹುಟ್ಟಿಸಲಾಗದು. ಅದಕ್ಕೇ ಇಂಥ ವೇದಿಕೆಗಳು ‘ಕನಿಷ್ಠ ಒಂದು ಸಲ’ ಮುಟ್ಟಿಸುವ ಭರವಸೆಯನ್ನಷ್ಟೇ ಇಟ್ಟುಕೊಳ್ಳುತ್ತವೆ. ‘ಒಂದೇ ಸಲ’ ಎಂಬುದನ್ನು ಪಡೆಯುವವರೇ ನೋಡಿಕೊಳ್ಳಬೇಕು.

ಮೊದಲ ರಿಪೇರಿ ಎಂದರೆ ಬೇಗ ಉತ್ತರಿಸುವುದು. ಸಹಿ ನೋಡಿ, ಬಂದ ಸಂದೇಶವನ್ನು ಹಾಗೇ ಒಂದು ಕೋಷ್ಟಕದಲ್ಲಿ ಇಟ್ಟು, ‘ಬಂತು’ ಎಂದು ಹೇಳಿಬಿಡಬೇಕು. ಲೆಕ್ಕ, ಪಟ್ಟಿ, ಚಿತ್ರ ಎಲ್ಲ ಆಮೇಲೆ ಹಿಂದಿನ ಕೋಣೆಯ ಕೆಲಸ. ಕ್ರಮ ಮಾತ್ರ ತಪ್ಪಬಾರದು. ಇಡುವ ಮುಂಚೆಯೇ ಉತ್ತರ ಕೊಟ್ಟರೆ, ಆ ಕ್ಷಣದಲ್ಲಿ ಯಂತ್ರ ಕೆಟ್ಟಿತೆಂದರೆ ಆರ್ಡರ್ ಹೋಯಿತು. ಶಾಪಿಫೈ ಮುಟ್ಟಿದೆ ಎಂದೇ ನಂಬಿರುತ್ತದೆ, ಮತ್ತೆ ಕಳಿಸುವುದಿಲ್ಲ.

ಎರಡನೆಯದು ಸಂದೇಶದ ಗುರುತು. ಪ್ರತಿ ಸಂದೇಶದ ತಲೆಯಲ್ಲಿ `X-Shopify-Webhook-Id` ಎಂಬ ಸಂಖ್ಯೆ ಇರುತ್ತದೆ. ಮರುಯತ್ನದಲ್ಲಿ ಬರುವುದೂ ಅದೇ ಸಂಖ್ಯೆ. ಇದನ್ನು ನೆನಪಿಟ್ಟುಕೊಂಡು, ಒಮ್ಮೆ ಕಂಡದ್ದು ಮತ್ತೆ ಬಂದರೆ ‘ಬಂತು’ ಎಂದು ಹೇಳಿ ಸುಮ್ಮನಾಗಬೇಕು. ‘ಮೊದಲೇ ಬಂದಿದೆಯೇ’ ಎಂದು ಹುಡುಕಿ, ಇಲ್ಲವಾದರೆ ಬರೆಯುವುದು ಎಂದು ಎರಡು ಹೆಜ್ಜೆಗಳಲ್ಲಿ ಮಾಡುವವರಿದ್ದಾರೆ. ಒಂದೇ ಸಂದೇಶದ ಎರಡು ಪ್ರತಿಗಳು ಒಟ್ಟಿಗೆ ಬಂದರೆ ಇಬ್ಬರೂ ಹುಡುಕುತ್ತಾರೆ, ಇಬ್ಬರಿಗೂ ಸಿಗುವುದಿಲ್ಲ, ಇಬ್ಬರೂ ಬರೆಯುತ್ತಾರೆ. ಆ ಸಂಖ್ಯೆ ಕೋಷ್ಟಕದಲ್ಲಿ ಎರಡನೆಯ ಸಲ ಕೂರಲೇಬಾರದು ಎಂಬ ಕಟ್ಟುಪಾಡನ್ನು ಡೇಟಾಬೇಸ್‌ಗೇ ಹಾಕಿ, ನೇರವಾಗಿ ಬರೆಯಲು ಹೋಗುವುದು ಸರಿಯಾದ ಕ್ರಮ. ಒಬ್ಬನಿಗೆ ಮಾತ್ರ ಬರೆಯಲು ಆಗುತ್ತದೆ.

ಇದರ ಪಕ್ಕದಲ್ಲೇ `X-Shopify-Event-Id` ಎಂಬ ಇನ್ನೊಂದು ಗುರುತೂ ಇದೆ. ಅದು ಮೂಲ ಘಟನೆಯದು. ಒಂದೇ ಘಟನೆಯಿಂದ ‘ಆರ್ಡರ್ ಬಂತು’, ‘ಹಣ ಬಂತು’ ಎಂಬ ಬೇರೆಬೇರೆ ಸಂದೇಶಗಳು ಹೊರಟರೆ ಎಲ್ಲದರಲ್ಲೂ ಅದೇ ಇರಬಹುದು. ಇದೊಂದನ್ನೇ ಹಿಡಿದು ‘ನಕಲು’ ಎಂದು ಎಸೆಯುತ್ತಾ ಹೋದರೆ ಬೇಕಾದ ಸಂದೇಶವೂ ಕಸಕ್ಕೆ ಹೋದೀತು.

ಸಹಿಯ ಹೊರಗೆ ಉಳಿದದ್ದು

ಇಷ್ಟು ಮಾಡಿದರೆ ಸಾಕು ಎಂದು ಹಲವರು ನಿಲ್ಲಿಸುತ್ತಾರೆ. ನನ್ನ ಪ್ರಕಾರ ನಿಲ್ಲಿಸಬಾರದ ಜಾಗ ಇದೇ.

ಶಾಪಿಫೈಯ ಸಹಿ ಬೀಳುವುದು ಸಂದೇಶದ ಒಡಲಿಗೆ ಮಾತ್ರ. ತಲೆಬರಹಗಳು ಸಹಿಯ ಹೊರಗಿವೆ. ಸಂದೇಶದ ಗುರುತು, ಯಾವ ಅಂಗಡಿಯದು ಎಂಬ ಹೆಸರು, ಹೊರಟ ಹೊತ್ತು ಎಲ್ಲವೂ ತಲೆಬರಹದಲ್ಲೇ ಇರುವುದು. ಯಾರೋ ಒಬ್ಬರ ಕೈಗೆ ಹಳೆಯ ಸಂದೇಶವೊಂದು ಸಹಿಯ ಸಮೇತ ಸಿಕ್ಕಿತು ಎಂದುಕೊಳ್ಳಿ. ದಾರಿಯಲ್ಲಿ ಕದಿಯುವುದು ಕಷ್ಟ, ಏಕೆಂದರೆ ಸಂಪರ್ಕವೇ ಗೂಢಲಿಪಿಯದ್ದು. ಆದರೆ ಲಾಗ್ ಕಡತದಿಂದ, ತನಿಖೆಗೆಂದು ಹಂಚಿಕೊಂಡ ಮೇಲ್‌ನಿಂದ ಸಿಗಬಹುದು. ಅವರು ಒಡಲನ್ನು ಮುಟ್ಟದೆ, ಗುರುತಿನ ಸಂಖ್ಯೆಯನ್ನು ಮಾತ್ರ ಬದಲಾಯಿಸಿ ಕಳಿಸುತ್ತಾರೆ. ಸಹಿ ಸರಿಯಾಗಿದೆ, ಗುರುತು ಹೊಸದು. ಎರಡೂ ಕಾವಲು ದಾಟಿ ಮತ್ತೆ 3,200 ಜಮಾ. ಪಾವತಿ ಕಂಪನಿಯಾದ ಸ್ಟ್ರೈಪ್ ಹೊರಟ ಹೊತ್ತನ್ನೂ ಸೇರಿಸಿಯೇ ಸಹಿ ಹಾಕುತ್ತದೆ, ಅದರ ತಂತ್ರಾಂಶ ಐದು ನಿಮಿಷಕ್ಕಿಂತ ಹಳೆಯದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಶಾಪಿಫೈಯ ಸಹಿಯಲ್ಲಿ ಆ ಏರ್ಪಾಡು ಇಲ್ಲ.

ಆದ್ದರಿಂದ ಕೊನೆಯ ತೀರ್ಮಾನಕ್ಕೆ ಸಹಿಯೊಳಗೆ ಇರುವುದನ್ನೇ ಆಧಾರ ಮಾಡಬೇಕು. ಒಡಲಿನಲ್ಲಿ ಆರ್ಡರಿನ `id` ಇದೆ, ಕೊನೆಯ ಬಾರಿ ಬದಲಾದ ಹೊತ್ತು `updated_at` ಇದೆ, ಬದಲಾವಣೆ, ವಾಪಸಾತಿಗಳನ್ನೆಲ್ಲ ಕಳೆದ ಈಗಿನ ಮೊತ್ತ `current_total_price` ಇದೆ. ಇವುಗಳನ್ನು ಸಹಿ ಮುರಿಯದೆ ಯಾರೂ ತಿದ್ದಲಾರರು.

ಇವನ್ನು ಹಿಡಿದು ಲೆಕ್ಕ ಬರೆಯುವ ರೀತಿಯನ್ನೇ ಬದಲಾಯಿಸಬೇಕು. ಮನೆಗೆ ಹಾಲು ಹಾಕಿಸಿಕೊಳ್ಳುವವರು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಚೌಕದಲ್ಲಿ ‘1 ಲೀ.’ ಎಂದು ಬರೆಯುತ್ತಾರೆ. ಅದೇ ಚೌಕದಲ್ಲಿ ಮನೆಯ ಇನ್ನೊಬ್ಬರು ಬಂದು ಮತ್ತೆ ‘1 ಲೀ.’ ಎಂದು ತಿದ್ದಿ ಬರೆದರೂ ತಿಂಗಳ ಮೊತ್ತ ಹೆಚ್ಚುವುದಿಲ್ಲ. ಮೊತ್ತವನ್ನು ಕೊನೆಯಲ್ಲಿ ಚೌಕಗಳಿಂದ ಕೂಡಿಸುತ್ತಾರೆ. ವರದಿ ಸೇವೆಯೂ ಹಾಗೆಯೇ ಒಂದು ಆರ್ಡರಿಗೆ ಒಂದೇ ಸಾಲು ಇಟ್ಟುಕೊಳ್ಳಬೇಕು. ಸಂದೇಶ ಬಂದಾಗ ಮೊತ್ತಕ್ಕೆ ಕೂಡಿಸುವ ಬದಲು ಆ ಸಾಲಿನಲ್ಲಿ ಈಗಿನ ಮೊತ್ತ ಬರೆಯಬೇಕು. ದಿನದ ವ್ಯಾಪಾರ ಬೇಕಾದಾಗ ಸಾಲುಗಳನ್ನು ಕೂಡಬೇಕು. ಆಗ ಸಂದೇಶ ಒಂಬತ್ತಲ್ಲ, ತೊಂಬತ್ತು ಸಲ ಬಂದರೂ ಸಾಲು ಒಂದೇ, ಅದರಲ್ಲಿರುವುದು 3,200.

ಇದಕ್ಕೆ ಇನ್ನೊಂದು ಷರತ್ತು ಸೇರಬೇಕು, ಏಕೆಂದರೆ ಸಂದೇಶಗಳು ಹೊರಟ ಕ್ರಮದಲ್ಲೇ ಬರುತ್ತವೆಂಬ ಭರವಸೆಯೂ ಇಲ್ಲ. ಆ ಆರ್ಡರಿನಲ್ಲಿ ತಲಾ 1,600ರ ಎರಡು ಸೀರೆಗಳಿದ್ದವು ಎನ್ನಿ. ಆರು ಗಂಟೆಯ ಮೊದಲ ಸಂದೇಶ ಸೋತು ಮರುಯತ್ನದ ಸರದಿಯಲ್ಲಿ ಕಾಯುತ್ತಿದೆ. ಆರೂ ನಾಲ್ಕಕ್ಕೆ ಗ್ರಾಹಕಿ ಒಂದು ಸೀರೆ ಬೇಡವೆಂದರು, ‘ಆರ್ಡರ್ ಬದಲಾಯಿತು’ ಎಂಬ ಸಂದೇಶ ಬಂತು, ಸಾಲಿನಲ್ಲಿ 1,600 ಎಂದಾಯಿತು. ಆರೂ ಹತ್ತಕ್ಕೆ ಹಳೆಯ ಸಂದೇಶದ ಮರುಯತ್ನ ಗೆದ್ದು, 1,600ನ್ನು ಒರೆಸಿ ಮತ್ತೆ 3,200 ಬರೆದುಬಿಟ್ಟರೆ? ಗುರುತಿನ ಸಂಖ್ಯೆಯಿಂದ ಇದನ್ನು ತಡೆಯಲಾಗದು, ಅವೆರಡೂ ಬೇರೆಬೇರೆ ಸಂದೇಶಗಳು. ತಡೆಯುವುದು `updated_at`.

```sql
INSERT INTO orders (order_id, total, updated_at)
VALUES (:id, :total, :updated_at)
ON CONFLICT (order_id) DO UPDATE
SET total = EXCLUDED.total, updated_at = EXCLUDED.updated_at
WHERE EXCLUDED.updated_at >= orders.updated_at;
```

ಪೋಸ್ಟ್‌ಗ್ರೆಸ್ ಡೇಟಾಬೇಸ್ ಅರ್ಥಮಾಡಿಕೊಳ್ಳುವ ಈ ಸಾಲುಗಳ ತಾತ್ಪರ್ಯ ಇಷ್ಟೆ: ಈ ಆರ್ಡರ್ ಹೊಸದಾದರೆ ಸಾಲು ಸೇರಿಸು, ಇದ್ದರೆ ಬದಲಾಯಿಸು, ಆದರೆ ಬಂದ ಸುದ್ದಿ ಈಗಿರುವುದಕ್ಕಿಂತ ಹಳೆಯದಾದರೆ ಮುಟ್ಟಬೇಡ. ಆರೂ ಹತ್ತಕ್ಕೆ ಬಂದ ಸಂದೇಶದ ಒಳಗಿನ ಹೊತ್ತು ಆರು ಗಂಟೆಯದೇ, ಆದ್ದರಿಂದ ಅದು ಸದ್ದಿಲ್ಲದೆ ಹಿಂದಿರುಗುತ್ತದೆ. ಗುರುತು ಬದಲಾಯಿಸಿ ಕಳಿಸಿದ ಹಳೆಯ ಸಂದೇಶದ ಗತಿಯೂ ಅದೇ. ಹೊತ್ತನ್ನು ಬರಿಯ ಅಕ್ಷರಸಾಲಾಗಿ ಇಟ್ಟು ಹೋಲಿಸಬೇಡಿ. ಒಂದು ಸಂದೇಶದಲ್ಲಿ `+05:30` ಎಂದು ಭಾರತದ ವೇಳೆ, ಇನ್ನೊಂದರಲ್ಲಿ ಬೇರೆ ವಲಯದ ವೇಳೆ ಇದ್ದರೆ ಹೋಲಿಕೆ ತಿರುಗಾಮುರುಗಾ ಆಗುತ್ತದೆ. ಕಾಲವಲಯ ಅರಿಯುವ ಬಗೆಯಲ್ಲಿಯೇ ಇಡಿ.

ಒಂದು ಮಿತಿ ಉಳಿಯುತ್ತದೆ. ಒಂದೇ ಸೆಕೆಂಡಿನಲ್ಲಿ ಎರಡು ಬದಲಾವಣೆಗಳಾದರೆ ಎರಡರ ಹೊತ್ತೂ ಒಂದೇ ಕಾಣುತ್ತದೆ, ಕೊನೆಗೆ ಬಂದದ್ದು ಗೆಲ್ಲುತ್ತದೆ, ಅದು ತಪ್ಪಾಗಿರಲೂಬಹುದು. ಇನ್ನೊಂದು ದೊಡ್ಡ ಮಿತಿ ಆ ನಾಲ್ಕು ಗಂಟೆಯದು. ರಾತ್ರಿ ಹನ್ನೆರಡಕ್ಕೆ ಕೆಟ್ಟ ಸರ್ವರ್ ಬೆಳಿಗ್ಗೆ ಆರಕ್ಕೆ ಎದ್ದರೆ, ಮಧ್ಯರಾತ್ರಿಯ ಆರ್ಡರ್‌ಗಳ ಮರುಯತ್ನ ಅಷ್ಟರಲ್ಲಿ ಮುಗಿದುಹೋಗಿರುತ್ತದೆ. ಅವು ತಾವಾಗಿ ಮತ್ತೆ ಬರುವುದಿಲ್ಲ.

ಎರಡಕ್ಕೂ ಮದ್ದು ಒಂದೇ, ಹಳೆಯ ಕಾಲದ ತಾಳೆ. ದಿನಕ್ಕೊಮ್ಮೆಯಾದರೂ ವರದಿ ಸೇವೆ ತಾನೇ ಶಾಪಿಫೈಗೆ ಹೋಗಿ, ನಿನ್ನೆಯಿಂದ ಬದಲಾದ ಆರ್ಡರ್‌ಗಳನ್ನೆಲ್ಲ ಕೇಳಿ ಪಡೆದು, ಅದೇ ಸಾಲುಗಳಲ್ಲಿ ಅದೇ ಷರತ್ತಿನೊಂದಿಗೆ ಬರೆಯಬೇಕು. ಒಂದು ಆರ್ಡರಿಗೆ ಒಂದು ಸಾಲು ಎಂಬ ಪದ್ಧತಿ ಇದ್ದರೆ ಎಷ್ಟು ಸಲ ಕೇಳಿದರೂ ಅಪಾಯವಿಲ್ಲ. ಹಾಗಾಗಿ ನಿನ್ನೆಯದರ ಜೊತೆ ಮೊನ್ನೆಯದನ್ನೂ ಧಾರಾಳವಾಗಿ ಕೇಳಬಹುದು. ತಡಮಾಡುವುದು ಮಾತ್ರ ಒಳ್ಳೆಯದಲ್ಲ. ವಿಶೇಷ ಅನುಮತಿ ಇಲ್ಲದ ಆ್ಯಪ್‌ಗಳಿಗೆ ಶಾಪಿಫೈ ಕೊಡುವುದು ಕಳೆದ 60 ದಿನಗಳ ಆರ್ಡರ್‌ಗಳನ್ನಷ್ಟೇ.

ಈಗಾಗಲೇ ಓಡುತ್ತಿರುವ ಸೇವೆಯಲ್ಲಿ ಈ ರೋಗ ಇದೆಯೇ ಎಂದು ತಿಳಿಯಲು ಹೆಚ್ಚು ಸಮಯ ಬೇಡ. ಮಾರಾಟದ ಕೋಷ್ಟಕದಲ್ಲಿ ‘ಆರ್ಡರ್ ಬಂತು’ ಎಂಬ ಸಾಲುಗಳೆಷ್ಟು, ಅವುಗಳಲ್ಲಿ ಬೇರೆಬೇರೆ ಆರ್ಡರ್‌ಗಳೆಷ್ಟು ಎಂದು ಎಣಿಸಿ. ಎರಡೂ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಅದು ಯಾವ ದಿನಗಳದ್ದು ನೋಡಿ. ಸೇಲ್ ದಿನಗಳಲ್ಲೇ ಗುಂಪಾಗಿದ್ದರೆ ಉತ್ತರ ತಡವಾಗುತ್ತಿದೆ ಎಂದರ್ಥ.

ಅಂಗಡಿ ನಡೆಸುವವರಿಗೆ ಒಂದು ಮಾತು. ನಿಮಗೆ ವರದಿ ಸೇವೆ ಕೊಡುವವರನ್ನು ಪರೀಕ್ಷಾ ಅಂಗಡಿಯೊಂದರಲ್ಲಿ ಮೂರು ಕೆಲಸ ಮಾಡಿ ತೋರಿಸಲು ಕೇಳಿ: ಒಂದೇ ಆರ್ಡರಿನ ಸಂದೇಶವನ್ನು ಹತ್ತು ಸಲ ಕಳಿಸುವುದು, ಅದರ ಬೆಲೆಯಲ್ಲಿ ಒಂದು ಅಂಕಿ ತಿದ್ದಿ ಹಳೆಯ ಸಹಿಯೊಂದಿಗೆ ಕಳಿಸುವುದು, ಹೊಸ ಸಂದೇಶದ ನಂತರ ಹಳೆಯದನ್ನು ಕಳಿಸುವುದು. ಮೂರರಲ್ಲೂ ವರದಿಯ ಮೊತ್ತ ಒಂದು ರೂಪಾಯಿಯೂ ಅಲುಗಬಾರದು. ಅಲುಗಿದರೆ ಹಣ ಕಟ್ಟುವ ಮುಂಚೆ ಸರಿಪಡಿಸಿಕೊಡಿ ಎನ್ನಿ.